ಕೆಡವುವ ಮನೆ ಹಾಡಿದರೆ

ನಾವು ಬೆಳೆದ ಮನೆಯನ್ನು ಕೆಡವುವುದು ಅಂತ ತೀರ್ಮಾನ ಆದ ಮೇಲೆ ಅಕ್ಕ ನನ್ನನ್ನು ಕೇಳಿದ್ದು ಒಂದೇ. "ಮನೇನೇ ನಮ್ಮ ಹತ್ರ ಮಾತಾಡೋ ಥರ ಒಂದು ಹಾಡು ಬರ್ಕೊಡೋ. ರಾಗ ನಾನು ಹಾಕ್ಕೊಳ್ತೀನಿ." ಅವಳು ಹಾಡುತ್ತಾಳೆ, ನಾನು ಬರೆಯುತ್ತೇನೆ. ಚಿಕ್ಕಂದಿನಿಂದ ನಮ್ಮಿಬ್ಬರ ನಡುವೆ ಇರುವ ಏರ್ಪಾಡು ಇದು.

ಕೇಳುವಾಗ ಸುಲಭ ಅನ್ನಿಸಿತು. ಮನೆಗೆ ಬಾಯಿ ಕೊಟ್ಟರೆ ಸಾಕು, ಹಾಡು ತಾನಾಗಿ ಬರುತ್ತದೆ ಅಂತ. ಬರೆಯಲು ಕೂತಾಗ ತಿಳಿಯಿತು, ಕಷ್ಟ ಇರುವುದು ಆ ಬಾಯಿಯಲ್ಲೇ. ಮನೆ ಏನನ್ನು ಹೇಳಬಹುದು? ಅದಕ್ಕಿಂತ ಮುಖ್ಯವಾಗಿ, ಏನನ್ನು ಹೇಳಲು ಅದಕ್ಕೆ ಸಾಧ್ಯವಿಲ್ಲ?

ಈ ಥರದ ಹಾಡುಗಳಲ್ಲಿ ಸಾಮಾನ್ಯವಾಗಿ ಮನೆಗೆ ಎಲ್ಲವೂ ಗೊತ್ತಿರುತ್ತದೆ. ಮಕ್ಕಳು ದೊಡ್ಡವರಾಗಿ ದೂರ ಹೋದದ್ದು ಗೊತ್ತು. ಯಾರು ಯಾರಿಗೆ ಮಾರಿದರು ಅಂತ ಗೊತ್ತು. ನಾಳೆ ಆ ಜಾಗದಲ್ಲಿ ಏನು ಬರುತ್ತದೆ ಅಂತಲೂ ಗೊತ್ತು. ಅದು ಅಳುತ್ತದೆ, ಬೈಯುತ್ತದೆ, ಕೊನೆಗೆ ಹರಸುತ್ತದೆ. ಅಂಥ ಸಾಲುಗಳನ್ನು ಪರೀಕ್ಷೆ ಮಾಡಲು ನಾನು ಒಂದು ದಾರಿ ಇಟ್ಟುಕೊಂಡೆ. ಸಾಲಿನಲ್ಲಿರುವ 'ಮನೆ' ಎಂಬ ಮಾತನ್ನು ಬೆರಳಿನಿಂದ ಮುಚ್ಚಬೇಕು. ಆಮೇಲೆ ಆ ಸಾಲನ್ನು ಒಬ್ಬ ವಯಸ್ಸಾದ ತಾಯಿಯ ಬಾಯಲ್ಲಿಟ್ಟು ಓದಬೇಕು. ಅಲ್ಲಿ ಅದು ಸರಾಗವಾಗಿ ಕೂತುಬಿಟ್ಟರೆ ಅದು ಮನೆಯ ಮಾತಲ್ಲ, ತಾಯಿಯ ಮಾತನ್ನು ಮನೆಗೆ ಹೊದಿಸಿದ್ದೇವೆ ಅಷ್ಟೇ. "ನನ್ನ ಮರೆತಿರಾ ಮಕ್ಕಳೇ" ಅನ್ನುವುದು ಹಾಗೆ ಬಿದ್ದುಹೋಗುತ್ತದೆ. "ನಿಮ್ಮ ದಾರಿ ಕಾದೆ" ಅನ್ನುವುದೂ ಬಿದ್ದುಹೋಗುತ್ತದೆ. ಮನೆ ಕಾಯುವುದಿಲ್ಲ. ಅದಕ್ಕೆ ದಾರಿ ಕಾಣಿಸುವುದಿಲ್ಲ.

ಮನೆಗೆ ಗೊತ್ತಾಗುವುದು ಅದನ್ನು ಮುಟ್ಟಿದ್ದು ಮಾತ್ರ. ಭಾರ, ಬಿಸಿ, ತೇವ, ಸದ್ದು, ಉಜ್ಜುವಿಕೆ. ಯಾವ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಎಷ್ಟು ಜೋರಾಗಿ ಬೀಳುತ್ತಿತ್ತು ಅನ್ನುವುದು ಅದಕ್ಕೆ ಗೊತ್ತಿರಬಹುದು, ಯಾಕೆಂದರೆ ಮೆಟ್ಟಿಲ ನಡುಭಾಗ ಸವೆದಿದೆ. ಬಾಗಿಲನ್ನು ಯಾರು ಒದ್ದು ತೆಗೆಯುತ್ತಿದ್ದರು ಅನ್ನುವುದು ಗೊತ್ತಿರಬಹುದು, ಯಾಕೆಂದರೆ ಅಲ್ಲಿ ಬಣ್ಣ ಹೋಗಿದೆ. ನೀವು ಯಾವ ಕೆಲಸಕ್ಕೆ ಸೇರಿದಿರಿ, ಮದುವೆ ಆಯಿತಾ, ಸುಖವಾಗಿದ್ದೀರಾ, ಇದು ಯಾವುದೂ ಅದಕ್ಕೆ ಗೊತ್ತಿಲ್ಲ. ಇನ್ನೊಂದು ಮಾತೂ ಇದರಿಂದಲೇ ಹುಟ್ಟುತ್ತದೆ. ಮಕ್ಕಳು ದೊಡ್ಡವರಾಗಿದ್ದಾರೆ ಅನ್ನುವುದೂ ಅದಕ್ಕೆ ಸರಿಯಾಗಿ ಗೊತ್ತಿಲ್ಲ. ಹೆಜ್ಜೆಯ ಭಾರ ಹೆಚ್ಚಾಗುತ್ತಾ ಹೋಯಿತು, ಆಮೇಲೆ ಒಂದು ದಿನದಿಂದ ಹೆಜ್ಜೆಯೇ ಬೀಳಲಿಲ್ಲ. ಮನೆಯ ಪಾಲಿಗೆ ಅಷ್ಟೇ ನಡೆದದ್ದು. ಹಾಗಾಗಿ ಹಾಡಿನಲ್ಲಿ ಅದು ನಮ್ಮನ್ನು 'ಮಕ್ಕಳೆ' ಅಂತ ಕರೆದರೆ ಅದರಲ್ಲಿ ಮುದ್ದು ಇಲ್ಲ. ಅದಕ್ಕೆ ಬೇರೆ ಹೆಸರು ತಿಳಿಯದು.

ಇಷ್ಟು ತೀರ್ಮಾನ ಆದ ಮೇಲೆ ಹಾಡಿಗೆ ಕಟ್ಟು ಬೇಕಾಯಿತು. ಅದನ್ನು ಕೊಟ್ಟವರು ಕೆಡವುವವರೇ.

ಹಳೇ ಮನೆಯನ್ನು ಕೈಯಿಂದ ಕೆಡವುವಾಗ ಒಂದು ಕ್ರಮ ಇದೆ. ಮೊದಲು ಮನೆ ಖಾಲಿಯಾಗಬೇಕು. ಕರೆಂಟು, ನೀರು ಕಡಿಸಬೇಕು. ಮತ್ತೆ ಉಪಯೋಗಕ್ಕೆ ಬರುವ ಬಾಗಿಲು, ಕಿಟಕಿಯ ರೆಕ್ಕೆಗಳನ್ನು ಕಳಚಿ ಬೇರೆ ಇಡುತ್ತಾರೆ. ಆಮೇಲೆ ಹೆಂಚು, ಅದೂ ನೆತ್ತಿಯಿಂದ ಕೆಳಕ್ಕೆ ಸಾಲು ಸಾಲಾಗಿ. ಹೆಂಚು ಇಳಿದ ಮೇಲೆ ಅದನ್ನು ಹೊತ್ತಿದ್ದ ಪಟ್ಟಿಗಳು, ಆಮೇಲೆ ತೊಲೆಗಳು. ಗೋಡೆಯನ್ನೂ ಮೇಲಿನಿಂದಲೇ ಬಿಡಿಸುತ್ತಾ ಬರಬೇಕು. ಬುಡಕ್ಕೆ ಏಟು ಹಾಕಿದರೆ ಗೋಡೆ ಯಾವ ಕಡೆ ಬೀಳುತ್ತದೋ ಹೇಳಲಾಗದು. ಬಾಗಿಲಿನ ಚೌಕಟ್ಟು ಗೋಡೆಯೊಳಗೆ ಕಚ್ಚಿಕೊಂಡಿರುವುದರಿಂದ ಸುತ್ತಲಿನ ಗೋಡೆ ಸಡಿಲವಾಗುವ ತನಕ ಅದು ನಿಂತೇ ಇರುತ್ತದೆ. ಕೊನೆಗೆ ಉಳಿಯುವುದು ತಳಪಾಯ. ಕಟ್ಟಿದ ಕ್ರಮಕ್ಕೆ ಪೂರಾ ಉಲ್ಟಾ.

ಹಾಡಿನ ಚರಣಗಳೂ ಇದೇ ಕ್ರಮದಲ್ಲಿ ಬರಲಿ ಅಂದುಕೊಂಡೆ. ಖಾಲಿ ಕೋಣೆ, ಚಾವಣಿ, ಚೌಕಟ್ಟು, ಗೋಡೆ, ತಳ. ನೆನಪುಗಳನ್ನು ವಯಸ್ಸಿನ ಲೆಕ್ಕದಲ್ಲಿ ಜೋಡಿಸುವ ಅಗತ್ಯವೇ ಬರಲಿಲ್ಲ. ಯಾವ ಭಾಗ ಕಳಚುತ್ತಿದೆಯೋ ಆ ಭಾಗಕ್ಕೆ ಗೊತ್ತಿದ್ದನ್ನು ಅದು ಹೇಳಿ ಹೋಗಬೇಕು, ಅಷ್ಟೇ.

ಆಗ ಇನ್ನೊಂದು ವಿಷಯ ತಲೆಗೆ ಹೊಳೆಯಿತು, ಈ ಹಾಡಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಮನೆಗೆ ನಿಜವಾಗಿಯೂ ಒಂದು ದನಿ ಇದೆ, ಮತ್ತು ಕೆಡವುತ್ತಾ ಹೋದ ಹಾಗೆ ಆ ದನಿ ಬದಲಾಗುತ್ತದೆ. ಸಾಮಾನು ಸಾಗಿಸಿದ ಮೇಲೆ ಖಾಲಿ ಕೋಣೆಯಲ್ಲಿ ಮಾತಾಡಿ ನೋಡಿದ್ದೀರಲ್ವಾ? ನಮ್ಮದೇ ಮಾತು ಗಂಟೆ ಹೊಡೆದಂತೆ ವಾಪಸ್ ಬರುತ್ತದೆ. ಹಾಸಿಗೆ, ಪರದೆ, ಬಟ್ಟೆ ಇದ್ದಾಗ ಅವು ಸದ್ದನ್ನು ಹೀರುತ್ತವೆ. ಅವು ಹೋದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದುಕೊಂಡು ಜಾಸ್ತಿ ಹೊತ್ತು ಉಳಿಯುತ್ತದೆ.

ಇದನ್ನು ಮೊದಲು ಅಳೆದು ತೋರಿಸಿದವರು ವಾಲೇಸ್ ಸಬೈನ್ ಎಂಬ ಭೌತಶಾಸ್ತ್ರದ ಮೇಷ್ಟ್ರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಪಾಠವೇ ಕೇಳಿಸುತ್ತಿರಲಿಲ್ಲ. ಒಂದು ಮಾತು ಆಡಿದರೆ ಅದು ಅಡಗಲು 5 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಿತ್ತು. ಅಷ್ಟರಲ್ಲಿ ಮುಂದಿನ ಮಾತುಗಳು ಬಂದು ಅದರ ಮೇಲೆ ಬೀಳುತ್ತಿದ್ದವು. ಸಬೈನ್ ರಾತ್ರಿ ಹೊತ್ತು ಬೇರೆ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ತರಿಸಿ ಆ ಕೊಠಡಿಯಲ್ಲಿ ಹರಡಿಸಿದರು. ಮೆತ್ತೆ ಹೆಚ್ಚಿದಂತೆ ಸದ್ದು ಬೇಗ ಅಡಗುತ್ತದೆ ಅಂತ ಅಳೆದರು. ಆಮೇಲೆ ಅವರು ಹೀರುವಿಕೆಯನ್ನು ಅಳೆಯಲು ಇಟ್ಟುಕೊಂಡ ಮಾನ ಯಾವುದು ಗೊತ್ತಾ? ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ಪೂರಾ ಹೋದಂತೆ. ಅದು ತಿರುಗಿ ಬರುವುದಿಲ್ಲ.

ಇದನ್ನು ನಮ್ಮ ಮನೆಗೆ ಹಚ್ಚಿ ನೋಡಿ. ಖಾಲಿಯಾದ ದಿನ ಮನೆ ತನ್ನ ಇಡೀ ಆಯುಸ್ಸಿನಲ್ಲೇ ಅತಿ ಜೋರಾಗಿ ಉತ್ತರ ಕೊಡುತ್ತದೆ. ಬಾಗಿಲು, ಕಿಟಕಿ ಕಳಚಿದಾಗ ಉತ್ತರ ಕಡಿಮೆಯಾಗುತ್ತದೆ. ಚಾವಣಿ ಇಳಿದರೆ ಇಡೀ ಕೋಣೆಯಷ್ಟು ಅಗಲದ ಕಿಟಕಿ ತೆರೆದ ಹಾಗೆ. ಕೂಗಿದ್ದರಲ್ಲಿ ಬಹುಪಾಲು ಆಕಾಶಕ್ಕೆ. ಗೋಡೆಯೂ ಹೋದ ಮೇಲೆ ಏನೂ ಇಲ್ಲ.

ಹಾಡಿನಲ್ಲಿ ಸದ್ದು ತಿರುಗಿ ಬರುವ ಜಾಗ ಯಾವುದು? ಪ್ರಾಸ. ಒಂದು ಸಾಲು ಕೂಗಿದ್ದನ್ನು ಇನ್ನೊಂದು ಸಾಲು ವಾಪಸ್ ಕೊಡುತ್ತದೆ. ಹಾಗಾದರೆ ಚಾವಣಿ ಇರುವ ತನಕ ಪ್ರಾಸ ಇರಲಿ, ಚಾವಣಿ ಹೋದ ಮೇಲೆ ಅರೆಬರೆಯಾಗಲಿ, ಗೋಡೆ ಬಿದ್ದ ಮೇಲೆ ಇಲ್ಲದಾಗಲಿ. ದುಃಖ ಅನ್ನುವ ಪದವನ್ನು ಎಲ್ಲೂ ಬಳಸದೆ ಕೆಲಸ ನಡೆಯಬಹುದು ಅನ್ನಿಸಿತು.

ಪಲ್ಲವಿಗೂ ಇದೇ ನ್ಯಾಯ. ಪಲ್ಲವಿ ಅಂದರೆ ಪ್ರತಿ ಚರಣ ಆದ ಮೇಲೆ ಬದಲಾಗದೆ ಬರುವ ಸಾಲು. ಆದರೆ ಕುಸಿಯುತ್ತಿರುವ ಮನೆ ಪ್ರತಿ ಸಲವೂ ಅದೇ ಮಾತನ್ನು ಇಡಿಯಾಗಿ ಹೇಳುವುದು ಹೇಗೆ? ಅದಕ್ಕೆ ಪಲ್ಲವಿಯಿಂದಲೂ ಮಾತುಗಳು ಒಂದೊಂದಾಗಿ ಉದುರಬೇಕು. ನಾನು ಆರಿಸಿಕೊಂಡ ಸಾಲು ಮನೆಯೊಂದು ಮಕ್ಕಳಿಗೆ ಹೇಳಬಹುದಾದ ಅತಿ ಸಾಮಾನ್ಯ ಮಾತು:

ಬನ್ನಿ ಮಕ್ಕಳೆ, ಒಳಗೆ ಬನ್ನಿರಿ

ಇದರ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ. ಬನ್ನಿ 3, ಮಕ್ಕಳೆ 4, ಒಳಗೆ 3, ಬನ್ನಿರಿ 4. ಭಾಮಿನಿ ಷಟ್ಪದಿಯ ನಡೆ ಇದು. ಕನ್ನಡದ ಕಿವಿಗೆ ಬಹಳ ಹಳೆಯ ಪರಿಚಯ. ಇದನ್ನೇ ನಾಲ್ಕು ನಾಲ್ಕು ಮಾತ್ರೆಯಲ್ಲಿ ಕಟ್ಟಬಹುದು: "ಬನ್ನಿರಿ ಮಕ್ಕಳೆ ಒಳಗಡೆ ಬನ್ನಿರಿ." ಹೇಳಿ ನೋಡಿ, ಕವಾಯತಿನ ಹಾಗೆ ಆಗಿಬಿಡುತ್ತದೆ. ಸಾಲಾಗಿ ನಿಲ್ಲಿಸಿ ಹೆಜ್ಜೆ ಹಾಕಿಸುವ ಲಯ ಅದು. ಮೂರು-ನಾಲ್ಕರಲ್ಲಿ ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಮಂಡಿ ನೋವಿರುವವರು ಮೆಟ್ಟಿಲು ಇಳಿಯುವ ಹಾಗೆ ಅದು ಚೂರು ತಡೆದು ತಡೆದು ಸಾಗುತ್ತದೆ. ಹಳೇ ಮನೆಗೆ ಅದೇ ಸರಿ.

ಮೊದಲ ಚರಣ ಖಾಲಿ ಕೋಣೆಯದು. ಇಲ್ಲಿ ಒಂದು ಸುಳ್ಳನ್ನು ತಪ್ಪಿಸಿಕೊಳ್ಳಬೇಕಿತ್ತು. "ನಿಮ್ಮ ನಗುವನ್ನು ನನ್ನ ಗೋಡೆಗಳು ಇಟ್ಟುಕೊಂಡಿವೆ" ಎಂಬ ಅರ್ಥದ ಸಾಲು ತಾನಾಗಿಯೇ ಪೆನ್ನಿಗೆ ಬರುತ್ತದೆ. ಆದರೆ ಗೋಡೆ ಸದ್ದನ್ನು ಇಟ್ಟುಕೊಳ್ಳುವುದಿಲ್ಲ. ಹೀರಿದ ಸದ್ದು ಕಾಣದಷ್ಟು ಚೂರು ಶಾಖವಾಗಿ ಮುಗಿದುಹೋಗುತ್ತದೆ. ಮನೆಯ ಹತ್ತಿರ ನಮ್ಮ ಹಳೆಯ ನಗು ಇಲ್ಲ. ಈಗ ಕೂಗಿದರೆ ಈಗಿನ ಕೂಗನ್ನು ಕೊಡುತ್ತದೆ, ಅದೂ ಹಿಂದೆಂದೂ ಕೊಡದಷ್ಟು ಪೂರ್ತಿಯಾಗಿ. ನನಗೆ ಆ ಸುಳ್ಳಿಗಿಂತ ಈ ನಿಜವೇ ದೊಡ್ಡದಾಗಿ ಕಂಡಿತು.

ಖಾಲಿ ಕೋಣೆಯ ನಡುವೆ ನಿಲ್ಲಿರಿ,
ಒಮ್ಮೆ ಕೂಗಿರಿ ಹೆಸರನು;
ಹಾಸು ಹೊದಿಕೆಯೆ ಇಲ್ಲ ನುಂಗಲು,
ಪೂರ್ತಿ ಮರಳಿಸಿ ಕೊಡುವೆನು.
ಬನ್ನಿ ಮಕ್ಕಳೆ, ಒಳಗೆ ಬನ್ನಿರಿ.

ಖಾ, ಕೋ, ಕೂ, ಹಾ, ಪೂ. ದೀರ್ಘಗಳನ್ನು ಬೇಕಂತಲೇ ಇಟ್ಟೆ. ಹಾಡುವವರು ಎಳೆಯಲು ಜಾಗ ಸಿಗಬೇಕು, ಎಳೆದಾಗ ಕೋಣೆ ತುಂಬಬೇಕು. ಎರಡನೇ ಸಾಲಿನ ಕೊನೆಯ 'ನು' ನಾಲ್ಕನೇ ಸಾಲಿನ ಕೊನೆಯಲ್ಲಿ ಹಾಗೇ ತಿರುಗಿ ಬರುತ್ತದೆ.

ಎರಡನೆಯದು ಚಾವಣಿ. ಇದನ್ನು ಬರೆಯುವಾಗ ನನಗೆ ಜಾಸ್ತಿ ಸಂತೋಷವಾಯಿತು, ಯಾಕೆಂದರೆ ಇಲ್ಲಿ ಮನೆ ನಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳುತ್ತದೆ. ಚಿಕ್ಕವರಿದ್ದಾಗ ರಾತ್ರಿ ಅಟ್ಟದ ಕಡೆಯಿಂದ 'ಚಟ್' ಅಂತ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು 'ಚಟ್.' ಯಾರೋ ಮೆಲ್ಲಗೆ ನಡೆದ ಹಾಗೆ. ಅಕ್ಕ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಅವಳಿಗೇ ನನಗಿಂತ ಜಾಸ್ತಿ ಭಯ. ಹಗಲು ದೀಪ ಹಿಡಿದು ನೋಡಿದರೆ ಅಟ್ಟದಲ್ಲಿ ಯಾರ ಗುರುತೂ ಇರುತ್ತಿರಲಿಲ್ಲ.

ಕಾರಣ ಇಷ್ಟೇ. ಹಗಲಿಡೀ ಬಿಸಿಲು ಕುಡಿದ ಹೆಂಚು, ತೊಲೆ, ಮೊಳೆ ಸಂಜೆಯ ಮೇಲೆ ತಣ್ಣಗಾಗುತ್ತವೆ. ತಣ್ಣಗಾದಾಗ ಎಲ್ಲವೂ ಚೂರು ಕುಗ್ಗುತ್ತವೆ, ಆದರೆ ಒಂದೇ ಅಳತೆಯಲ್ಲಲ್ಲ. ಮರ ಒಂದು ಥರ, ಕಬ್ಬಿಣ ಒಂದು ಥರ. ಜೊತೆಗೆ ಮರ ಗಾಳಿಯ ತೇವವನ್ನು ಕುಡಿಯುವುದು, ಬಿಡುವುದು ಬೇರೆ. ಎರಡು ತುಂಡು ಸೇರಿದ ಜಾಗದಲ್ಲಿ ಬಿಗಿ ಹೆಚ್ಚುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಅದು ತಡೆಯಲಾರದೆ ಸರಕ್ಕನೆ ಜಾರುತ್ತದೆ. ಜಾರಿದ್ದು ಕೂದಲೆಳೆಯಷ್ಟು. ಸದ್ದು ಮಾತ್ರ ಇಡೀ ಮನೆಗೆ ಕೇಳಿಸುತ್ತದೆ, ಯಾಕೆಂದರೆ ರಾತ್ರಿ ಬೇರೆ ಸದ್ದಿಲ್ಲ. ಬಿಸಿಲು ಜೋರಾಗಿದ್ದು ರಾತ್ರಿ ತಂಪು ಹೆಚ್ಚಾದ ದಿನ ಈ ನಡಿಗೆಯೂ ಜೋರು. ದೆವ್ವಕ್ಕೆ ಹವಾಮಾನ ಯಾಕೆ ಬೇಕು ಅಂತ ಆಗ ನಾವು ಯೋಚಿಸಿದ್ದರೆ ಗೊತ್ತಾಗುತ್ತಿತ್ತು.

ಈ ಮಾತನ್ನು ಮನೆಯೇ ಹೇಳಬೇಕು. ಅಷ್ಟು ವರ್ಷ ಮಕ್ಕಳು ಹೆದರಿ ಮಲಗಿದ್ದು ತನ್ನಿಂದಲೇ ಅಂತ ಅದು ಒಪ್ಪಿಕೊಂಡು ಹೋಗಬೇಕು. ತಾಯಿಯ ಬಾಯಲ್ಲಿ ಈ ಚರಣ ಕೂರುವುದಿಲ್ಲ. ನನ್ನ ಪರೀಕ್ಷೆಯಲ್ಲಿ ಇದು ಪಾಸು.

ರಾತ್ರಿ ಅಟ್ಟದ ಮೇಲೆ ಯಾರೋ
ನಡೆದರೆಂದಿರಿ ಬೆದರುತ;
ಬಿಸಿಲು ಕಾಯಿಸಿದಂಥ ತೊಲೆಗಳು
ನೆಟಿಗೆ ಮುರಿದವು ತಣಿಯುತ.
ಬನ್ನಿ ಮಕ್ಕಳೆ, ಒಳಗೆ ಬನ್ನಿರಿ.

ಪ್ರಾಸ ಇನ್ನೂ ಗಟ್ಟಿಯಾಗಿದೆ. ಇದು ಚಾವಣಿಯ ಕೊನೆಯ ಮಾತು. ಈ ಚರಣ ಮುಗಿಯುವಷ್ಟರಲ್ಲಿ ಹೆಂಚು, ತೊಲೆ ಎಲ್ಲ ಕೆಳಗೆ.

ಚೌಕಟ್ಟಿನ ಮೇಲೆ ನಮ್ಮ ಎತ್ತರದ ಗೆರೆಗಳಿದ್ದವು. ಇದು ತುಂಬ ಮನೆಗಳಲ್ಲಿ ಇರುವಂಥದ್ದೇ, ಹಾಗಾಗಿ ಬೇಡ ಅಂದುಕೊಂಡಿದ್ದೆ. ಆದರೆ ಮರದ ಕಡೆಯಿಂದ ಯೋಚಿಸಿದಾಗ ಬೇರೆ ಏನೋ ಸಿಕ್ಕಿತು. ಮರ ಜೀವಂತ ಇದ್ದಾಗಲೂ ಅದರ ಕಾಂಡದ ಮೇಲೆ ಗೆರೆ ಕೊರೆದರೆ ಆ ಗೆರೆ ಮೇಲೇರುವುದಿಲ್ಲ. ಮರ ಎತ್ತರಕ್ಕೆ ಬೆಳೆಯುವುದು ತುದಿಗಳಲ್ಲಿ. ಕಾಂಡ ದಪ್ಪವಾಗುತ್ತದೆ ಅಷ್ಟೇ, ಗೆರೆ ಇದ್ದಲ್ಲೇ ಇರುತ್ತದೆ. ಆ ಮರಕ್ಕೆ ಮಕ್ಕಳು ಬೆಳೆಯುವ ರೀತಿ ಅರ್ಥವಾಗುವುದೇ ಇಲ್ಲ. ಇಡೀ ಮೈ ಮೇಲಕ್ಕೆ ಹೋಗಿಬಿಡುತ್ತದೆ, ಗೆರೆಯನ್ನು ಬಿಟ್ಟು.

ನಿಮ್ಮ ಎತ್ತರ ಕೊರೆದ ಗೆರೆಗಳು
ಕಂಬದಲ್ಲಿವೆ ಈಗಲೂ;
ಗೆರೆಗಳೇರದೆ ಅಲ್ಲೆ ನಿಂತವು
ನೀವು ಮೇಲಕೆ ಬೆಳೆದರೂ.
ಬನ್ನಿ ಮಕ್ಕಳೆ.

'ಕೊರೆದ' ಅಂತ ಹಾಕಿದ್ದಕ್ಕೆ ಕಾರಣವಿದೆ. ಪೆನ್ಸಿಲಿನಲ್ಲಿ ಎಳೆದಿದ್ದರೆ ಮುಂದಿನ ಸಲ ಬಣ್ಣ ಬಳಿದಾಗ ಮುಚ್ಚಿಹೋಗುತ್ತಿತ್ತು. ಚಾಕುವಿನಲ್ಲಿ ಕೊರೆದದ್ದರ ಮೇಲೆ ಎಷ್ಟು ಬಣ್ಣ ಬಿದ್ದರೂ ತಗ್ಗು ಬೆರಳಿಗೆ ಸಿಗುತ್ತದೆ. ಪ್ರಾಸ ಇಲ್ಲಿ ಅರ್ಧ. 'ಲೂ'ಗೆ 'ರೂ', ಬರಿಯ ಊಕಾರ ಮಾತ್ರ ತಿರುಗಿ ಬಂದಿದೆ. ಪಲ್ಲವಿಯಲ್ಲಿ 'ಒಳಗೆ ಬನ್ನಿರಿ' ಬಿದ್ದುಹೋಗಿದೆ. ಚಾವಣಿ ಇಲ್ಲದ ಮೇಲೆ ಒಳಗೆ ಅನ್ನುವುದು ಎಲ್ಲಿ?

ಅಂದಹಾಗೆ, ಹಳೇ ಮನೆಯಲ್ಲಿ ಒಳ್ಳೆಯ ಬೆಲೆಗೆ ಹೋಗುವ ವಸ್ತುಗಳಲ್ಲಿ ಗಟ್ಟಿ ಮರದ ಚೌಕಟ್ಟೂ ಒಂದು. ಸುಸ್ಥಿತಿಯಲ್ಲಿದ್ದರೆ ಯಾರಾದರೂ ಕೊಂಡು ಬೇರೆ ಮನೆಗೆ ಕೂರಿಸುತ್ತಾರೆ. ಹಾಗಾದರೆ ನಮ್ಮ ಗೆರೆಗಳ ಪಕ್ಕ ಬೇರೆ ಮಕ್ಕಳು ನಿಂತು ಅಳೆದುಕೊಳ್ಳಬಹುದು. ಇದನ್ನು ಹಾಡಿಗೆ ತರಲು ಬಹಳ ಆಸೆಯಾಯಿತು. ತರಲಿಲ್ಲ. ಅದು ಮನೆಗೆ ಗೊತ್ತಿರುವ ಸಂಗತಿಯಲ್ಲ. ನನಗೆ ಗೊತ್ತಿರುವುದು.

ಗೋಡೆಯ ಚರಣಕ್ಕೆ ಬರುತ್ತೇನೆ. ಗೋಡೆ ಒಡೆದಾಗ ಗಾರೆಯ ಚೂರೊಂದನ್ನು ಎತ್ತಿ ಅದರ ಅಂಚನ್ನು ನೋಡಿ. ಬಣ್ಣಗಳು ತೆಳು ಪದರಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಹೊರಗಿನದು ಕೊನೆಯ ಸಲ ಬಳಿದದ್ದು, ಗಾರೆಗೆ ಅಂಟಿಕೊಂಡಿರುವುದು ಮೊದಲನೆಯದು. ನಡುವೆ ಎಲ್ಲೋ ನಾವು ಗೀಚಿದ ಚಿತ್ರವಿದೆ. ಗೀಚಿದ ದಿನ ಹೊರಗೆ ಯಾವ ಬಣ್ಣವಿತ್ತೋ ಅದರ ಮೇಲೆ ಇರುತ್ತದೆ, ಆಮೇಲೆ ಬಂದ ಬಣ್ಣಗಳ ಕೆಳಗೆ ಇರುತ್ತದೆ.

ಇದರಲ್ಲಿ ಒಂದು ಸೊಗಸಿದೆ. ಮೇಣದ ಬಣ್ಣದ ಕಡ್ಡಿಯಲ್ಲಿ ಗೀಚಿದ್ದರೆ ಅದರ ಮೇಲೆ ಬಳಿದ ಬಣ್ಣ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಮೇಣ ಜಾರುತ್ತದೆ. ಬಳಿದವರ ಕಣ್ಣಿಗೆ ಗೋಡೆ ಸಮವಾಗಿಯೇ ಕಾಣುತ್ತದೆ. ವರ್ಷಗಳಾದ ಮೇಲೆ ಹಾರೆಯ ಏಟು ಬಿದ್ದು ಗೋಡೆ ಅದುರಿದಾಗ ಬಣ್ಣದ ಪದರ ಬಿಡುವುದು ಎಲ್ಲಿ? ಹಿಡಿತ ಕಡಿಮೆ ಇದ್ದ ಜಾಗದಲ್ಲಿ. ಅಂದರೆ ಮಕ್ಕಳು ಗೀಚಿದ ಜಾಗ ಮೊದಲು ಬಿಚ್ಚಿಕೊಳ್ಳಬಹುದು. ದೊಡ್ಡವರು ಸಲ ಸಲಕ್ಕೂ ಮುಚ್ಚಿದ ಚಿತ್ರವನ್ನು ಹೊರಗೆ ತರುವುದು ಆ ಮೇಣವೇ.

ನಮ್ಮದು ಸೂರ್ಯ. ಕಾಲು ಇದ್ದ ಸೂರ್ಯ. ನೆಲದಿಂದ ಬಹಳ ಮೇಲೇನೂ ಇರಲಿಲ್ಲ, ಗೀಚಿದವರ ಕೈ ಅಲ್ಲಿಯ ತನಕ ಮಾತ್ರ ಎಟುಕುತ್ತಿತ್ತು. ಅಕ್ಕ ಅದು ತನ್ನದು ಅನ್ನುತ್ತಾಳೆ, ನಾನು ನನ್ನದು ಅನ್ನುತ್ತೇನೆ.

ಸುಣ್ಣದಡಿಯಲಿ ಹಳದಿ, ಅದರಡಿ
ನೀಲಿ, ಅದರಡಿ ಗೀಚಿದ
ಎರಡು ಕಾಲಿನ ಪುಟ್ಟ ಸೂರ್ಯನು
ಹೊರಗೆ ಬಂದನು ಹಾರೆಗೆ.
ಮಕ್ಕಳೆ.

ಪ್ರಾಸ ಹೋಯಿತು. 'ಗೀಚಿದ' ಅಂತ ಕೂಗಿದ್ದಕ್ಕೆ 'ಹಾರೆಗೆ' ಉತ್ತರ ಕೊಡುವುದಿಲ್ಲ. ಮಾತ್ರೆ ಮಾತ್ರ ಇನ್ನೂ ಸರಿಯಾಗಿದೆ, ಯಾಕೆಂದರೆ ತಳಪಾಯ ಇದೆ. ಮೊದಲ ಎರಡು ಸಾಲಿನಲ್ಲಿ ವಾಕ್ಯ ಸಾಲಿನ ಕೊನೆಯಲ್ಲಿ ನಿಲ್ಲದೆ ಕೆಳಗಿನ ಸಾಲಿಗೆ ಇಳಿಯುತ್ತದೆ, ಒಂದೊಂದೇ ಪದರ ಬಿಚ್ಚುತ್ತಾ. ಅಕ್ಕ ಮೊದಲ ಸಲ ಹಾಡುವಾಗ 'ಅದರಡಿ'ಯ ಹತ್ತಿರ ಉಸಿರು ತೆಗೆದುಕೊಂಡಳು. ಅಲ್ಲಿ ತೆಗೆದುಕೊಳ್ಳಬಾರದು ಅಂತ ಕೇಳಿಕೊಂಡೆ. 'ಹಳದಿ, ಅದರಡಿ ನೀಲಿ, ಅದರಡಿ ಗೀಚಿದ' ತನಕ ಒಂದೇ ಉಸಿರು. ಕಷ್ಟ ಅಂದಳು. ಆದರೂ ಮಾಡಿದಳು.

ತಳಪಾಯಕ್ಕೆ ಮೊದಲು ಬೇರೆ ಚರಣ ಬರೆದಿದ್ದೆ. ಗೋಡೆಗಳು ಹೋಗಿ ನೆಲದ ಮೇಲೆ ಕೋಣೆಗಳ ಗೆರೆ ಮಾತ್ರ ಉಳಿದಾಗ ಎಲ್ಲರೂ ಹೇಳುವ ಮಾತೊಂದಿದೆ, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಜನ ಇದ್ದೆವಾ ಅಂತ. ನಿಜವಾಗಿಯೂ ಹಾಗೆ ಕಾಣುತ್ತದೆ. ಕಣ್ಣಿಗೆ ಗೋಡೆ, ಬಾಗಿಲು ಸಿಗದೆ, ಸುತ್ತಲಿನ ಬಯಲಿನ ಜೊತೆ ಹೋಲಿಕೆ ಬಂದು, ಕೋಣೆ ಕುಗ್ಗಿದಂತೆ ಕಾಣುತ್ತದೆ. ಆದರೆ ಇದು ಹೊರಗೆ ನಿಂತು ನೋಡುವವರ ಅಚ್ಚರಿ. ಮನೆ ಯಾವತ್ತೂ ತನ್ನನ್ನು ಹೊರಗಿನಿಂದ ನೋಡಿಕೊಂಡಿಲ್ಲ. ತಾನು ಚಿಕ್ಕದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆ ಚರಣವನ್ನು ತೆಗೆದುಹಾಕಿದೆ.

ಆಮೇಲೆ ಕೆಡವುವ ಜಾಗದಲ್ಲಿ ನಿಂತಾಗ ಕೆಲಸದವರೊಬ್ಬರು ನನಗೆ ಹೇಳಿದ ಮಾತು ನೆನಪಾಯಿತು. "ನೋಡ್ಕೊಂಡ್ ಬನ್ನಿ ಸಾರ್, ಮೊಳೆ ಇದಾವೆ." ಹೆಂಚಿನ ಕೆಳಗಿನ ಪಟ್ಟಿಗಳನ್ನು ಕಿತ್ತು ಎಸೆಯುವಾಗ ಮೊಳೆಗಳು ಪಟ್ಟಿಯಲ್ಲೇ ಇರುತ್ತವೆ, ಎಷ್ಟೋ ಸಲ ಚೂಪು ತುದಿ ಮೇಲಕ್ಕೆ. ಮಣ್ಣು, ಗಾರೆಯ ಪುಡಿ ಮೇಲೆ ಬಿದ್ದರೆ ಕಾಣುವುದೂ ಇಲ್ಲ. ಕೆಡವುವ ಜಾಗದಲ್ಲಿ ಕಾಲಿಗೆ ಮೊಳೆ ಚುಚ್ಚುವುದು ತೀರಾ ಸಾಮಾನ್ಯ.

ಕೊನೆಯ ಮಾತು ಅಲ್ಲಿತ್ತು. ಮನೆಗೆ ನಾವು ದೊಡ್ಡವರಾಗಿದ್ದು ಗೊತ್ತಿಲ್ಲ. ಕಾಲಿಗೆ ಬೂಟು ಹಾಕಿಕೊಂಡಿದ್ದೇವೆ ಅನ್ನುವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವ ನಮ್ಮ ಕಾಲು ಬರಿಗಾಲು. ಮೊಳೆ ಎಲ್ಲೆಲ್ಲಿ ಹೊಡೆದಿದ್ದರು ಅಂತ ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು. ಹಾಗಾಗಿ ಇಷ್ಟು ಹೊತ್ತು ಬನ್ನಿ ಬನ್ನಿ ಅಂತ ಕರೆದ ಮನೆ ಈಗ ತಿರುಗಿ ಹೇಳುತ್ತದೆ:

ಬರಿಯ ಕಾಲಲಿ ಬರಲೆಬೇಡಿರಿ,
ಮೊಳೆಗಳಿರುತವೆ ಮಣ್ಣಲಿ.

ಅಷ್ಟೇ. ಚರಣದ ಮಿಕ್ಕ ಎರಡು ಸಾಲು ಇಲ್ಲ. ಉತ್ತರ ಕೊಡಬೇಕಾದ ಸಾಲೇ ಇಲ್ಲದ ಮೇಲೆ ಪ್ರಾಸದ ಮಾತು ಎಲ್ಲಿಂದ? ಪಲ್ಲವಿಯೂ ಇಲ್ಲ. ಮೊದಲ ಚರಣದ ದೀರ್ಘಗಳ ಜಾಗದಲ್ಲಿ ಇಲ್ಲಿ ಹೆಚ್ಚಿನವು ಹ್ರಸ್ವ. ಬರಿಯ, ಬರಲೆ, ಮೊಳೆಗ. ಎಳೆಯಲು ಹೋದರೂ ಎಳೆಯಲು ಆಗುವುದಿಲ್ಲ.

ನನ್ನ ಪರೀಕ್ಷೆಗೆ ಈ ಸಾಲನ್ನು ಒಡ್ಡಿದರೆ ಇದು ಬೀಳುತ್ತದೆ ಅನ್ನುವುದು ನನಗೆ ಗೊತ್ತು. ಯಾವ ತಾಯಿಯಾದರೂ ಈ ಮಾತು ಆಡಬಹುದು. ಇಲ್ಲಿ ಮಾತ್ರ ಬಿಟ್ಟುಬಿಟ್ಟೆ. ಇಡೀ ಹಾಡಿನಲ್ಲಿ ಮನೆ ಮನೆಯಾಗಿಯೇ ಮಾತಾಡಿದೆ. ತೊಲೆಯ ಮಾತು, ಕಂಬದ ಮಾತು, ಗಾರೆಯ ಮಾತು. ಅಷ್ಟೆಲ್ಲ ಆದ ಮೇಲೆ ಒಂದು ಸಾಲಿನಲ್ಲಿ ಅದು ತಾಯಿಯ ಹಾಗೆ ಕೇಳಿಸಿದರೆ ಆ ಹೋಲಿಕೆಯನ್ನು ನಾನು ತಂದು ಅಂಟಿಸಿದಂತೆ ಆಗುವುದಿಲ್ಲ. ಮೊಳೆಯ ಲೆಕ್ಕದಿಂದಲೇ ಅದು ಅಲ್ಲಿಗೆ ಬಂದಿದೆ.

ಹಾಡುವಾಗ ಅಕ್ಕನಿಗೂ ನನಗೂ ಒಂದೇ ವಿಷಯಕ್ಕೆ ವಾದವಾಯಿತು. ಅವಳು ಕೊನೆಯ ಎರಡು ಸಾಲನ್ನು ನಿಧಾನ ಮಾಡಿ, ದನಿ ತಗ್ಗಿಸಿ, ಮುಗಿಯುತ್ತಿದೆ ಅಂತ ಎಲ್ಲರಿಗೂ ತಿಳಿಯುವ ಹಾಗೆ ಹಾಡಿದಳು. ಚೆನ್ನಾಗಿಯೇ ಇತ್ತು. ಆದರೆ ತಾನು ಮುಗಿಯುತ್ತಿದ್ದೇನೆ ಅನ್ನುವುದು ಮನೆಯ ಮನಸ್ಸಿನಲ್ಲಿ ಆ ಹೊತ್ತಿಗೆ ಇಲ್ಲ. ಅದರ ಗಮನ ಪೂರಾ ಮೊಳೆಯ ಮೇಲಿದೆ. ಲಯ ಚೂರೂ ನಿಧಾನವಾಗಬಾರದು, 'ಬರಲೆಬೇಡಿರಿ'ಯಲ್ಲಿ ಗದರಿಕೆ ಇರಬೇಕು ಅಂದೆ. "ಗದರಿದ್ರೆ ಕೇಳೋರಿಗೆ ಬೇಜಾರಾಗಲ್ವೇನೋ?" ಅಂದಳು. ಆಗಲಿ ಬಿಡು ಅಂದೆ. ಓಡಿ ಬರುತ್ತಿರುವ ಮಗುವಿನ ಕಾಲ ಕೆಳಗೆ ಮೊಳೆ ಕಂಡರೆ ಯಾರಾದರೂ ಮೆಲ್ಲಗೆ ಹಾಡುತ್ತಾರಾ? ಈಗ ಅವಳು ಅದನ್ನು ಗದರಿಯೇ ಹಾಡುತ್ತಾಳೆ.